ತಂಡದ ಸಾಧನೆಯ ಸುದ್ದಿಯನ್ನು ಬೇರೆ ವಿಭಾಗದವರೂ ಓದಬೇಕೆಂದರೆ

ಪ್ರಶ್ನೆ: ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿದ್ದೇನೆ. ಗೇಟಿನಲ್ಲೇ ಸ್ಯಾಂಪಲ್ ತೆಗೆಯಲು ಶುರು ಮಾಡಿದ ಮೇಲೆ ನಮ್ಮ ಯಾರ್ಡ್‌ನಲ್ಲಿ ಲಾರಿ ಕಾಯುವುದು 4 ಗಂಟೆಯಿಂದ ಒಂದೂವರೆ ಗಂಟೆಗೆ ಇಳಿದಿದೆ. ಕಂಪನಿಯ ತಿಂಗಳ ಪತ್ರಿಕೆಗೆ ಬರೆದುಕೊಡಿ ಅಂದಿದ್ದಾರೆ. ‘ಯಾರ್ಡ್ ತಂಡದ ಅವಿರತ ಶ್ರಮಕ್ಕೆ ಸಂದ ಜಯ’ ಅಂತ ಆರಂಭಿಸಿದ್ದೇನೆ. ಅಕೌಂಟ್ಸ್‌, ಲ್ಯಾಬ್‌, ರಫ್ತು ವಿಭಾಗದವರೂ ಓದುವ ಹಾಗೆ ಹೇಗೆ ಬರೆಯಲಿ?

ಉತ್ತರ: ಆ ಮೊದಲ ಸಾಲು ತೆಗೆದುಬಿಡಿ. ‘ಅವಿರತ ಶ್ರಮ’ ಅಂತ ಕಂಡ ಕೂಡಲೇ ಇದು ಯಾರ್ಡಿನವರ ಸಮಾಚಾರ ಅಂದುಕೊಂಡು ಅಕೌಂಟ್ಸ್‌ನವರು ಪುಟ ತಿರುವುತ್ತಾರೆ. ಲಾರಿ ಬೇಗ ಖಾಲಿಯಾದರೆ ಅವರ ಮೇಜಿನ ಮೇಲೆ ಏನು ಬದಲಾಗುತ್ತದೆ? ಅದನ್ನು ಅವರನ್ನೇ ಕೇಳಿ ತಿಳಿದುಕೊಂಡು ಅಲ್ಲಿಂದ ಆರಂಭಿಸಿ.

ಬರೆಯುವ ಮೊದಲು ಅಂಕಿ ಸರಿ ಮಾಡಿಕೊಳ್ಳಿ. ಇಂಥ ಸುದ್ದಿ ಎಡವುವುದು ಇಲ್ಲೇ. ಆ 4 ಗಂಟೆ ಯಾವ ತಿಂಗಳದ್ದು? ಕೊಯ್ಲು ಜೋರಾಗಿರುವ ಜನವರಿಯ ಸಾಲನ್ನು ಮಳೆಗಾಲದ ಖಾಲಿ ಯಾರ್ಡಿಗೆ ಹೋಲಿಸಿದರೆ ಗೋದಾಮಿನವರು ನಗುತ್ತಾರೆ. ಜನವರಿಯನ್ನು ಹಿಂದಿನ ಜನವರಿಗೇ ಹೋಲಿಸಿ. ಎರಡೂ ಸಲ ಅಳತೆ ಒಂದೇ ಇರಲಿ: ಗೇಟ್ ರಿಜಿಸ್ಟರ್‌ನಲ್ಲಿ ಒಳಬಂದ ಸಮಯದಿಂದ ಹೊರಹೋದ ಸಮಯದವರೆಗೆ. ಒಮ್ಮೆ ವೇಬ್ರಿಡ್ಜ್‌ವರೆಗೆ, ಇನ್ನೊಮ್ಮೆ ಗೇಟಿನಾಚೆವರೆಗೆ ಲೆಕ್ಕ ಹಿಡಿದರೆ ಉಳಿತಾಯ ಸುಳ್ಳಾಗುತ್ತದೆ. ಸರಾಸರಿಯನ್ನೂ ನಂಬಬೇಡಿ. ರಾತ್ರಿಯೆಲ್ಲಾ ನಿಂತ ಒಂದೇ ಲಾರಿ ಅದನ್ನು ಎಳೆದುಬಿಡುತ್ತದೆ. ಸಮಯಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನಟ್ಟನಡುವಿನದನ್ನು ಕೊಡಿ. ಸುದ್ದಿಗೆ ಈ ಒಂದು ಹೋಲಿಕೆ ಸಾಕು; ಶೇಕಡಾವಾರು, ಡೀಸೆಲ್ ಉಳಿತಾಯ ಎಲ್ಲ ಸೇರಿಸಿದರೆ ಯಾವುದೂ ನೆನಪಿರುವುದಿಲ್ಲ.

ನೀವು ಕೊಟ್ಟ ವಿವರ ಇಟ್ಟುಕೊಂಡು ಬರೆದರೆ ಹೀಗಾಗುತ್ತದೆ:

*9ಕ್ಕೆ ಬಂದ ಲಾರಿ ಹತ್ತೂವರೆಗೆ ವಾಪಸ್*

*ಈ ಹಂಗಾಮಿನಲ್ಲಿ ಬೆಳಿಗ್ಗೆ 9ಕ್ಕೆ ಗೇಟು ದಾಟಿದ ಲಾರಿ ಹತ್ತೂವರೆಗೆ ಮೂಟೆ ಇಳಿಸಿ ಹೊರಡುತ್ತಿದೆ. ಹೋದ ವರ್ಷ ಮಧ್ಯಾಹ್ನ 1 ಆಗುತ್ತಿತ್ತು. ತೂಕದ ಚೀಟಿ ಊಟಕ್ಕೆ ಮೊದಲೇ ಅಕೌಂಟ್ಸ್ ತಲುಪುವುದರಿಂದ ಬೆಳೆಗಾರರಿಗೆ ರಸೀದಿಯೂ ಅದೇ ದಿನ ಸಿಗುತ್ತದೆ. ಬದಲಾಗಿದ್ದು ಒಂದೇ. ಮೊದಲು ಲಾರಿ ತೂಕವಾದ ಮೇಲೆ ಸ್ಯಾಂಪಲ್ ತೆಗೆದು, ಮಾಯಿಶ್ಚರ್ ಫಲಿತಾಂಶ ಬರುವವರೆಗೆ ಲಾರಿ ನಿಲ್ಲುತ್ತಿತ್ತು. ಈಗ ಗೇಟಿನಲ್ಲೇ ತೆಗೆದ ಸ್ಯಾಂಪಲ್, ಲಾರಿ ತೂಕದ ಸಾಲಿನಲ್ಲಿ ನಿಂತಿರುವಾಗಲೇ ಲ್ಯಾಬ್ ಸೇರುತ್ತದೆ. ತೂಕ ಮುಗಿಯುವಷ್ಟರಲ್ಲಿ ಫಲಿತಾಂಶ ಸಿದ್ಧ.*

ರಸೀದಿಯ ಮಾತು, ತೂಕ ಮತ್ತು ಮಾಯಿಶ್ಚರ್ ಫಲಿತಾಂಶದ ಕ್ರಮ, ಹೋದ ವರ್ಷದ ಹೋಲಿಕೆ ನನ್ನ ಊಹೆ. ನಿಮ್ಮಲ್ಲಿ ನಿಜವಿದ್ದರೆ ಮಾತ್ರ ಇಟ್ಟುಕೊಳ್ಳಿ. ತಲೆಬರಹದಲ್ಲಿ ತಂಡದ ಹೆಸರಿಲ್ಲ ಅಂತ ಬೇಸರ ಬೇಡ, ಹೆಸರುಗಳು ಮುಂದಿನ ಪ್ಯಾರಾದಲ್ಲಿ ಬರಲಿ. ಆದರೆ ಹುದ್ದೆಯ ಅನುಕ್ರಮದಲ್ಲಿ 14 ಹೆಸರು ಸಾಲಾಗಿ ಜೋಡಿಸಬೇಡಿ, ಅದು ಮದುವೆ ಕರೆಯೋಲೆಯ ಹಾಗೆ ಕಾಣುತ್ತದೆ. ಒಂದೊಂದು ಹೆಸರಿನ ಜೊತೆ ಒಂದೊಂದು ಕೆಲಸ ಬರೆಯಿರಿ: ಗೇಟಿನ ಬಳಿ ಸ್ಯಾಂಪಲ್ ತೆಗೆಯೋಣ ಅಂದವರು ಯಾರು, ಚೀಟಿಗೆ ಲಾರಿ ನಂಬರಿನ ಕಾಲಂ ಸೇರಿಸಿದವರು ಯಾರು. ಮೇಜು ಮಾಡಿಕೊಟ್ಟ ಮೆಂಟೆನೆನ್ಸ್‌ನವರು, ಬೇಗ ಬಂದು ಮೀಟರ್ ಹಚ್ಚಿದ ಲ್ಯಾಬ್‌ನವರು ಇದ್ದರೆ ಅವರ ಹೆಸರೂ ಇರಲಿ. ತಮ್ಮವರ ಹೆಸರಿದೆ ಅಂತ ಗೊತ್ತಾದರೆ ಆ ವಿಭಾಗವೇ ಕೂತು ಓದುತ್ತದೆ.

ಇಲ್ಲಿ ಒಂದು ಅಪಾಯ ಇದೆ. ‘ಹಿಂದಿನ ಅವ್ಯವಸ್ಥೆ’, ‘ಲ್ಯಾಬ್ ವಿಳಂಬ’ ಅಂತ ಬರೆದರೆ ಲ್ಯಾಬ್‌ನವರಿಗೆ ಅದು ದೂರಾಗಿ ಕೇಳುತ್ತದೆ. ಮೇಲಿನ ಮಾದರಿಯಲ್ಲಿ ಲಾರಿ ನಿಲ್ಲುತ್ತಿತ್ತು ಅಂತ ಇದೆ, ಯಾರು ನಿಲ್ಲಿಸಿದರು ಅಂತ ಇಲ್ಲ. ಹಾಗೆಯೇ ‘ಹೆಮ್ಮೆಯ ವಿಷಯ’ ಅನ್ನುವ ಮ್ಯಾನೇಜರ್ ಮಾತಿಗಿಂತ ಲಾರಿ ಡ್ರೈವರ್ ಒಬ್ಬರ ಮಾತು ಹಾಕಿ, ಅವರನ್ನು ಕೇಳಿಯೇ ಹಾಕಿ. ಬೆಳೆಗಾರರ ಹೆಸರು, ದರ ಎರಡೂ ಬೇಡ.

ಒಟ್ಟು 150 ಪದ ದಾಟದಿರಲಿ. ಹಾರ, ಬೊಕೆ ಹಿಡಿದು ನಿಂತ ಗ್ರೂಪ್ ಫೋಟೋ ಬದಲು ಗೇಟಿನ ಮೇಜಿನ ಮೇಲೆ ಪಾರ್ಚ್‌ಮೆಂಟ್ ಸ್ಯಾಂಪಲ್ ಚೀಲಕ್ಕೆ ಲಾರಿ ನಂಬರ್ ಬರೆಯುತ್ತಿರುವ ಫೋಟೋ ಇರಲಿ. ಕೆಲವರು ಫೋಟೋ ಕೆಳಗಿನ ಸಾಲು ಮಾತ್ರ ಓದುತ್ತಾರೆ, ಆದ್ದರಿಂದ 4 ಗಂಟೆ, ಒಂದೂವರೆ ಗಂಟೆ ಎರಡೂ ಅಲ್ಲಿಯೂ ಬರಲಿ.

ಕೊನೆಗೆ ರಫ್ತು ವಿಭಾಗದ ಒಬ್ಬರಿಗೆ ಓದಲು ಕೊಡಿ. ಓದಿ ಮುಗಿದ ಮೇಲೆ ಹಾಳೆ ವಾಪಸ್ ಇಸಕೊಂಡು, ತಂಡ ಏನು ಮಾಡಿತು ಅಂತ ಕೇಳಿ. ‘ಏನೋ ಚೆನ್ನಾಗಿ ಕೆಲಸ ಮಾಡಿದಾರಂತೆ’ ಅಂದರೆ ಸ್ಯಾಂಪಲ್‌ನ ವಾಕ್ಯ ತಿದ್ದಬೇಕು. ಲ್ಯಾಬ್‌ಗೂ ಅಕೌಂಟ್ಸ್‌ಗೂ ಕರಡು ತೋರಿಸುವುದು ಮ್ಯಾನೇಜರ್ ಸಹಿಗೆ ಮುಂಚೆಯೇ ಆಗಲಿ. ಸಹಿ ಬಿದ್ದ ಮೇಲೆ ತಪ್ಪು ಕಂಡರೂ ಯಾರೂ ಬಾಯಿ ಬಿಡುವುದಿಲ್ಲ.