ಕಾರು ಪಾಲಿಸಿಯ ಷೆಡ್ಯೂಲಿನಲ್ಲಿರುವ ಐಎಂಟಿ ಸಂಖ್ಯೆಗಳು

“ಮೊದಲ ಸಲ ಕಾರಿನ ಪಾಲಿಸಿ ಓದುತ್ತಿದ್ದೇನೆ. ಷೆಡ್ಯೂಲಿನಲ್ಲಿ ‘ಐಎಂಟಿ 22, 28’ ಎಂದಷ್ಟೇ ಇದೆ. ಏನಿದು?”

ಐಎಂಟಿ ಎಂದರೆ ಇಂಡಿಯಾ ಮೋಟಾರ್ ಟ್ಯಾರಿಫ್. ಅವು ಅದರಲ್ಲಿನ ಎಂಡಾರ್ಸ್‌ಮೆಂಟ್‌ಗಳ ಸಂಖ್ಯೆಗಳು, ಅಂದರೆ ಎಲ್ಲರಿಗೂ ಒಂದೇ ಆಗಿರುವ ಮುದ್ರಿತ ಷರತ್ತುಗಳಿಗೆ ನಿಮ್ಮ ಪಾಲಿಸಿಯ ಮಟ್ಟಿಗೆ ಸೇರಿಸಿದ ಮಾತುಗಳು. 28 ಸಂಬಳದ ಚಾಲಕನ ಕುರಿತಾದ ನಿಮ್ಮ ಕಾನೂನು ಹೊಣೆಗೆ ಸಿಗುವ ರಕ್ಷಣೆ. 22 ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಮೊತ್ತ, 1500 ಸಿಸಿವರೆಗಿನ ಖಾಸಗಿ ಕಾರಿಗೆ ₹1,000, ಅದಕ್ಕೆ ಮೇಲ್ಪಟ್ಟರೆ ₹2,000. ಉದಾಹರಣೆಗೆ, ಸಣ್ಣ ಕಾರಿನ ಪ್ಲಾಸ್ಟಿಕ್ ಬಂಪರಿಗೆ ₹8,000 ಬಿಲ್ಲಾಯಿತೆನ್ನಿ. ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ ಕಳೆದರೆ ₹4,000, ಅದರಲ್ಲಿ ಈ ₹1,000 ಹೋದರೆ ಕೈಗೆ ಬರುವುದು ₹3,000. ಷೆಡ್ಯೂಲಿನಲ್ಲಿ ‘ಜೀರೋ ಡೆಪ್ರಿಸಿಯೇಷನ್’ ಎಂಬ ಸಾಲಿದ್ದರೆ ಸವಕಳಿ ಕಳೆಯುವುದಿಲ್ಲ, ಆದರೆ ₹1,000 ಮಾತ್ರ ತಪ್ಪುವುದಿಲ್ಲ.

ಹೊರತುಪಡಿಕೆಗಳಲ್ಲಿ, ಅಂದರೆ ಪರಿಹಾರ ಸಿಗದ ನಷ್ಟಗಳ ಪಟ್ಟಿಯಲ್ಲಿ, ‘ಕಾನ್ಸಿಕ್ವೆನ್ಷಿಯಲ್ ಲಾಸ್’ ಎಂಬ ಪದವನ್ನು ನಿಧಾನವಾಗಿ ಓದಿ. ನೇರ ಹಾನಿಯಲ್ಲದೆ ಅದರ ಬೆನ್ನಿಗೆ ಪರಿಣಾಮವಾಗಿ ಆಗುವ ನಷ್ಟವಿದು; ಜನ ಎಡವುವುದು ಹೆಚ್ಚಾಗಿ ಇಲ್ಲೇ. ಪ್ರವಾಹದಿಂದಾದ ಹಾನಿಗೆ ರಕ್ಷಣೆಯಿದ್ದರೂ, ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಅದನ್ನು ಪ್ರವಾಹದ ನೇರ ಹಾನಿಯೆಂದು ಪರಿಗಣಿಸದೆ ಕ್ಲೇಮನ್ನು ಸಾಮಾನ್ಯವಾಗಿ ನಿರಾಕರಿಸುತ್ತಾರೆ. ಎಂಜಿನ್ ರಕ್ಷಣೆಯ ಆಡ್-ಆನ್ ಷೆಡ್ಯೂಲಿನಲ್ಲಿ ಹೆಸರು ಹಾಗೂ ಪ್ರೀಮಿಯಂ ಸಮೇತ ನಮೂದಾಗಿದೆಯೇ ನೋಡಿ. ಏಜೆಂಟರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.