ಒಪ್ಪಿಗೆಯ ಮೇಲ್‌ನಲ್ಲಿ ‘ಬೇಸಿಕ್’ ಎಷ್ಟು ಅಂತ ಬರೆಸಿಕೊ

“ಅಣ್ಣಾ, ದುಬೈ ಕಂಪನಿಯಿಂದ ಅಕೌಂಟೆಂಟ್ ಕೆಲಸಕ್ಕೆ ಆಫರ್ ಬಂದಿದೆ, ತಿಂಗಳಿಗೆ 8,000 ದಿರ್ಹಂ. ಮೂರು ದಿನದೊಳಗೆ ಮೇಲ್‌ನಲ್ಲಿ ಒಪ್ಪಿಗೆ ಕಳಿಸು ಅಂದಿದ್ದಾರೆ. ಇಲ್ಲಿ ನನಗೆ 60 ದಿನ ನೋಟಿಸ್ ಉಂಟು. ಜಾಸ್ತಿ ಕೇಳಿದ್ರೆ ಆಫರ್ ಕೈ ತಪ್ಪುತ್ತದಾ? ಏನಂತ ಬರೆಯಲಿ?”

ಕೈ ತಪ್ಪುವುದಿಲ್ಲ ಮಾರಾಯ. ಇಲ್ಲಿ ದುಬೈನ ಎಚ್.ಆರ್.ಗಳಿಗೆ ಇಂಥ ಮೇಲ್ ದಿನಾ ಬರುತ್ತದೆ. ಕೇಳಿದ್ದಕ್ಕೇ ಸಿಟ್ಟಾಗುವ ಕಂಪನಿಯಾದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ನಾನು ಮೊದಲ ಸಲ ಬರುವಾಗ “ಥ್ಯಾಂಕ್ಯೂ, ಒಪ್ಪಿದ್ದೇನೆ” ಅಂತ ಒಂದೇ ಸಾಲು ಬರೆದಿದ್ದೆ. 7,000 ದಿರ್ಹಂ ಅಂದಿದ್ದರು, ತಿಂಗಳು ತಿಂಗಳು ಅಷ್ಟೇ ಬರುತ್ತಿತ್ತು, ನಾನೂ ಸುಮ್ಮನಿದ್ದೆ. ಆರು ವರ್ಷ ಮುಗಿಸಿ ಬಿಡುವಾಗ ಗ್ರಾಚ್ಯುಟಿ ಲೆಕ್ಕದ ಹಾಳೆ ಕೈಗೆ ಕೊಟ್ಟರು. ಅದರಲ್ಲಿ ಬೇಸಿಕ್ 2,000, ಉಳಿದ 5,000 ಪೂರ್ತಿ ಅಲೋವೆನ್ಸ್. ಇಲ್ಲಿ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಹಾಗಾಗಿ ನನಗೆ ಸಿಕ್ಕಿದ್ದು 9,000. ಬೇಸಿಕ್ 4,200 ಇದ್ದಿದ್ದರೆ 18,900 ಆಗುತ್ತಿತ್ತು. ತೆಗೆದುಕೊಳ್ಳದೆ ಉಳಿದ ರಜೆಯ ದುಡ್ಡೂ ಬೇಸಿಕ್ ಲೆಕ್ಕದಲ್ಲೇ ಬಂತು. ತಪ್ಪು ಅವರದ್ದು ಅನ್ನಲಿಕ್ಕೂ ಇಲ್ಲ, ಕಾಂಟ್ರಾಕ್ಟಿನಲ್ಲಿ ಹಾಗೇ ಇತ್ತು, ಓದದೆ ಸಹಿ ಹಾಕಿದವ ನಾನು.

ಆದ್ದರಿಂದ 8,000 ಅನ್ನುವ ಒಂದೇ ಅಂಕೆಗೆ ಒಪ್ಪಬೇಡ. ಬೇಸಿಕ್ ಎಷ್ಟು, ಮನೆ ಬಾಡಿಗೆಗೆ ಎಷ್ಟು, ಓಡಾಟಕ್ಕೆ ಎಷ್ಟು ಅಂತ ಬಿಡಿಸಿ ಬರೆಯಲು ಹೇಳು. ಅರ್ಧಕ್ಕಿಂತ ಕಡಿಮೆ ಬೇಸಿಕ್ ಇದ್ದರೆ ಒಂದು ಸಲ ಚೌಕಾಸಿ ಮಾಡಿ ನೋಡು. ತಿಂಗಳ ಒಟ್ಟು ಮೊತ್ತ ಏರುವುದಿಲ್ಲವಾದ್ದರಿಂದ ಕೆಲವರು ಒಪ್ಪುತ್ತಾರೆ.

ಇನ್ನು ಸೇರುವ ದಿನ. ಇದರಲ್ಲೇ ನಮ್ಮ ಊರಿನ ಹುಡುಗರು ಸಿಕ್ಕಿಬೀಳುವುದು. ಕೆಲಸದ ಎಂಟ್ರಿ ಪರ್ಮಿಟ್ ಬಂದ ಮೇಲೆ ಎರಡು ತಿಂಗಳೊಳಗೆ ಇಲ್ಲಿಗೆ ಬಂದಿಳಿಯಬೇಕು. ನಿನ್ನ ನೋಟಿಸ್ 60 ದಿನ. ಪರ್ಮಿಟ್ ಬರಲಿ, ಆಮೇಲೆ ರಾಜೀನಾಮೆ ಕೊಡುತ್ತೇನೆ ಅಂತ ಕೂತರೆ ರಿಲೀವಿಂಗ್ ಲೆಟರ್ ಸಿಗುವ ಹೊತ್ತಿಗೆ ಪರ್ಮಿಟ್ ಅವಧಿಯೂ ಮುಗಿದಿರುತ್ತದೆ. ಹಾಗಂತ ಒಂದು ಇ-ಮೇಲ್ ನಂಬಿ ಇವತ್ತೇ ರಾಜೀನಾಮೆ ಎಸೆಯುವುದೂ ಬೇಡ. ನಡುವಿನ ದಾರಿ ಅಂದರೆ, ಇಲ್ಲಿನ ಕಾರ್ಮಿಕ ಸಚಿವಾಲಯದ, ಅಂದರೆ MOHRE ನಮೂನೆಯ ಆಫರ್ ಲೆಟರ್ ಮೊದಲು ಬರಲಿ. ಅದಕ್ಕೆ ಸಹಿ ಹಾಕಿದ ಮೇಲೆ ರಾಜೀನಾಮೆ ಕೊಡು, ನಿನ್ನ ನೋಟಿಸಿನ ಐದನೇ ವಾರದ ಹೊತ್ತಿಗೆ ಪರ್ಮಿಟ್ ಕೈಗೆ ಬರುವ ಹಾಗೆ ಅರ್ಜಿ ಹಾಕಿ ಅಂತ ಅವರಿಗೆ ಹೇಳು. ಪೂರ್ತಿ ಅಪಾಯವಿಲ್ಲ ಅನ್ನಲಾರೆ, ಆದರೆ ಬರೀ ಮೇಲ್ ನಂಬುವುದಕ್ಕಿಂತ ಎಷ್ಟೋ ವಾಸಿ. ನಿನ್ನ ಈಗಿನ ಕಂಪನಿಯ ಮ್ಯಾನೇಜರ್ ಹತ್ತಿರ 45 ದಿನಕ್ಕೆ ಬಿಡಿ ಅಂತಲೂ ಕೇಳು. ಉಳಿದ 15 ದಿನದ ದುಡ್ಡು ಕಟ್ಟಬೇಕಾದರೆ ಯಾರು ಕಟ್ಟುವುದು ಅಂತ ಹೊಸ ಕಂಪನಿಯನ್ನು ಈಗಲೇ ಕೇಳು.

(ಫ್ರೀ ಝೋನ್ ಕಂಪನಿಯಾದರೆ ಕಾಂಟ್ರಾಕ್ಟ್ ಆ ಝೋನಿನ ಪ್ರಾಧಿಕಾರದಿಂದ ಬರುತ್ತದೆ. ಯಾವುದು ಅಂತ ಕೇಳಿ ತಿಳಿದುಕೊ.)

ಮೇಲ್ ಇಂಗ್ಲಿಷಿನಲ್ಲೇ ಬರೆ, ವಿಷಯ ಹೀಗಿರಲಿ:

“ಇಂಥ ತಾರೀಖಿನ ನಿಮ್ಮ ಆಫರನ್ನು ಒಪ್ಪಿದ್ದೇನೆ. ತಿಂಗಳ ಸಂಬಳ 8,000 ದಿರ್ಹಂ, ಅದರಲ್ಲಿ ಬೇಸಿಕ್ ಇಷ್ಟು, ಮನೆ ಬಾಡಿಗೆ ಇಷ್ಟು, ಪ್ರಯಾಣ ಭತ್ಯೆ ಇಷ್ಟು ಎಂದು ತಿಳಿದಿದ್ದೇನೆ. ಸಚಿವಾಲಯದ ಆಫರ್ ಲೆಟರಿನಲ್ಲೂ ಇದೇ ಅಂಕೆಗಳಿರಲಿ. ನನ್ನ ಈಗಿನ ಕೆಲಸದ ನೋಟಿಸ್ 60 ದಿನ. ರಾಜೀನಾಮೆ ಕೊಟ್ಟ ದಿನದಿಂದ 65 ದಿನದೊಳಗೆ, ಪರ್ಮಿಟ್ ಕೈಯಲ್ಲಿದ್ದರೆ, ಸೇರುತ್ತೇನೆ. ಪ್ರೊಬೇಷನ್ ಎಷ್ಟು ತಿಂಗಳು, ಆ ಅವಧಿಯಲ್ಲಿ ಮತ್ತು ಅದರ ನಂತರ ನೋಟಿಸ್ ಎಷ್ಟು ದಿನ ಎಂದು ದಯವಿಟ್ಟು ಖಚಿತಪಡಿಸಿ.”

ಕೊನೆಯ ಸಾಲು ಬಿಡಬೇಡ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಹೊತ್ತಿನಲ್ಲಿ ಅವರು ನಿನ್ನನ್ನು ತೆಗೆಯಬೇಕಾದರೆ 14 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ನೀನು ಬಿಟ್ಟು ಊರಿಗೆ ಹೋಗುವುದಾದರೂ 14 ದಿನ, ಇಲ್ಲೇ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳು. ಪ್ರೊಬೇಷನ್ ಮುಗಿದ ಮೇಲೆ 30ರಿಂದ 90 ದಿನದೊಳಗೆ ಎಷ್ಟು ಅಂತ ಕಾಂಟ್ರಾಕ್ಟಿನಲ್ಲಿ ಬರೆದಿರುತ್ತದೆ. ನಿನ್ನಂಥ ಹುದ್ದೆಗೆ 30 ಸಾಕು ಅಂತ ನನ್ನ ಅಭಿಪ್ರಾಯ.

ಫೋನಿನಲ್ಲಿ “ಆಯ್ತು, ಆಯ್ತು” ಅಂದರೆ ಅದನ್ನು ನಂಬಿ ಕೂರಬೇಡ, ಅದೇ ಮೇಲ್‌ಗೆ ಉತ್ತರ ಬರಲಿ. “ಸದ್ಯ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡು” ಅಂದರೆ ಬರಲೇಬೇಡ, ವಿಸಿಟ್ ವೀಸಾದಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ. ಸಚಿವಾಲಯದ ಲೆಟರ್ ಬಂದ ದಿನ ಬೇಸಿಕ್ ಅಂಕೆ ಇರುವ ಪುಟದ ಫೋಟೊ ನನಗೆ ಕಳಿಸು, ಸಹಿ ಹಾಕುವ ಮೊದಲು ನೋಡಿ ಹೇಳುತ್ತೇನೆ.