ತೀವ್ರ ಮಧ್ಯಮ ಎಲ್ಲಿ ನಿಲ್ಲುತ್ತದೆ

ಸಂಪಾದಕರಿಗೆ ನಮಸ್ಕಾರ. ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಕೂಡ ಹೆವಿ ಮೆಟಲ್ಲೇ ಅಂತ ನಮ್ಮಣ್ಣನ ವಾದ. ಗಿಟಾರ್ ಜೋರಾಗಿ ಗುರುಗುಟ್ಟಿದರೆ ಎಲ್ಲಾ ಮೆಟಲ್ಲು ಅಂತಾನೆ. ಬ್ಲ್ಯಾಕ್ ಸಬಾತ್ ಕೇಳಿದಾಗ ಇದು ಬೇರೆ ಅಂತ ನನಗೆ ಅನಿಸುತ್ತೆ, ಆದರೆ ಯಾಕೆ ಅಂತ ಹೇಳೋಕೆ ಬರಲ್ಲ. ಹಾರ್ಡ್ ರಾಕ್ ಎಲ್ಲಿ ಮುಗಿಯುತ್ತೆ, ಮೆಟಲ್ ಎಲ್ಲಿ ಶುರುವಾಗುತ್ತೆ? ನಮ್ಮ ಮನೆಯಲ್ಲಿ ಗಿಟಾರ್ ಇಲ್ಲ. ಅಪ್ಪನ ಭಜನೆ ಹಾರ್ಮೋನಿಯಂ ಇದೆ, ಸ್ವಲ್ಪ ನುಡಿಸ್ತೀನಿ.
— ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಪ್ರಿಯ ಓದುಗರೇ,

ಹಾರ್ಮೋನಿಯಂ ಇದೆ ಅಂದಿರಲ್ಲ, ಅಷ್ಟು ಸಾಕು. ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಕಪ್ಪು ಎರಡು ಕೋಮಲ ಗ, ಬಿಳಿ ನಾಲ್ಕು ಶುದ್ಧ ಮ, ಅದರ ಪಕ್ಕದ ಕಪ್ಪು ಮೂರು ತೀವ್ರ ಮ. ಈಗ ಹೀಗೆ ನುಡಿಸಿ: ಸ ಗ ಮ, ಸ ಗ ತೀವ್ರ ಮ, ಕೂಡಲೇ ಶುದ್ಧ ಮ, ಮತ್ತೆ ಸ ಗ ಮ, ಗ ಸ. ನಿಮ್ಮಣ್ಣ ಪಕ್ಕದ ಕೋಣೆಯಲ್ಲಿದ್ದರೂ ಗುರುತು ಹಿಡಿದು ಬರುತ್ತಾರೆ. ಇದೇ ‘ಸ್ಮೋಕ್ ಆನ್ ದ ವಾಟರ್’ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛ. ಗಿಟಾರಿನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಒಂದೊಂದು ಸ್ವರದ ಜೊತೆಗೂ ಕೆಳಗಿನ ಇನ್ನೊಂದು ಸ್ವರ ಸೇರಿಸಿ, ಎರಡು ತಂತಿಗಳನ್ನು ಬೆರಳಿನಿಂದ ಒಟ್ಟಿಗೆ ಮೀಟುತ್ತಾರೆ. ನೀವು ಮೇಲಿನ ಸ್ವರ ನುಡಿಸಿದರೆ ಸಾಕು.

ಇನ್ನು ಎರಡನೆಯದು. ಕೆಳಗಿನ ಸ ಒತ್ತಿ ಎಣಿಸಿ ನಿಲ್ಲಿ. ತಾರ ಸ್ಥಾಯಿಯ ಸ ಒತ್ತಿ ನಿಲ್ಲಿ. ಆಮೇಲೆ ಎರಡರ ನಡುವಿನ ತೀವ್ರ ಮ ಒತ್ತಿ, ಬೆರಳು ಎತ್ತಬೇಡಿ. ತಿದಿ ಹಾಕುತ್ತಲೇ ಇರಿ. ಬ್ಲ್ಯಾಕ್ ಸಬಾತ್ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡು ಇದು. ಆಲ್ಬಮ್, ಹಾಡು ಎರಡಕ್ಕೂ ತಂಡದ ಹೆಸರೇ. ಬಿಡುಗಡೆಯಾದದ್ದು 1970ರ ಫೆಬ್ರವರಿ 13ರಂದು, ಶುಕ್ರವಾರ.

ಗಮನಿಸಿದಿರಾ? ಎರಡು ರಿಫ್ಫಿನಲ್ಲೂ ತೀವ್ರ ಮ ಇದೆ. ಧ್ವನಿಮುದ್ರಣದಲ್ಲಿ ಎರಡಕ್ಕೂ ಷಡ್ಜ ಒಂದೇ ಶ್ರುತಿಯಲ್ಲಿದೆ, ಇಂಗ್ಲಿಷಿನವರು ಜಿ ಅನ್ನುವ ಸ್ವರ. ಅಂದರೆ ಎರಡು ತಂಡಗಳೂ ಅವೇ ಎರಡು ಸ್ವರಗಳನ್ನು ಕೈಗೆತ್ತಿಕೊಂಡಿವೆ. ಡೀಪ್ ಪರ್ಪಲ್‌ನಲ್ಲಿ ತೀವ್ರ ಮ ಕ್ಷಣ ಹೊತ್ತು ತಾಗಿ ಶುದ್ಧ ಮಕ್ಕೆ ಜಾರಿಬಿಡುತ್ತದೆ, ಹೊಸ್ತಿಲು ದಾಟುವಾಗ ಕಾಲು ತಾಗಿದ ಹಾಗೆ. ಸಬಾತ್‌ನಲ್ಲಿ ಅದು ಅಲ್ಲೇ ನಿಂತುಬಿಡುತ್ತದೆ. ನಿಲ್ಲುವುದಷ್ಟೇ ಅಲ್ಲ, ಗಿಟಾರಿಸ್ಟ್ ಟೋನಿ ಅಯೋಮಿ ಅದನ್ನು ನಡುಗಿಸುತ್ತಾ ಹಿಡಿಯುತ್ತಾರೆ. ಕಿವಿ ಪಂಚಮಕ್ಕೋ ಶುದ್ಧ ಮಧ್ಯಮಕ್ಕೋ ಕಾಯುತ್ತದೆ, ಎರಡೂ ಬರುವುದಿಲ್ಲ, ಮತ್ತೆ ಕೆಳಗಿನ ಸ ಬಡಿಯುತ್ತದೆ.

ನಿಮ್ಮ ಪತ್ರ ಬಂದ ವಾರ ನಮ್ಮ ಪತ್ರಿಕೆಯ ಪುಟ ವಿನ್ಯಾಸ ಮಾಡುವವರ ಮನೆಯಲ್ಲಿ ಇದನ್ನು ನುಡಿಸಿ ನೋಡಿದೆ. ಅವರು ಸೋಮವಾರದ ಭಜನೆಗೆ ತಪ್ಪದೆ ಪೆಟ್ಟಿಗೆ ಹಿಡಿಯುವವರು, ರಾಕ್ ಸಂಗೀತದ ಗಾಳಿ ಸೋಕಿದವರಲ್ಲ. ಮೊದಲನೆಯ ರಿಫ್ಫಿಗೆ ತೊಡೆಯ ಮೇಲೆ ತಾಳ ಹಾಕಿದರು. ಎರಡನೆಯದರಲ್ಲಿ ಕಪ್ಪು ಮೂರರ ಮೇಲೆ ನನ್ನ ಬೆರಳು ನಿಂತಾಗ, “ಮುಂದಕ್ಕೆ ಹೋಗಿ ಸಾರ್, ಅಲ್ಲೇ ನಿಂತ್ರೆ ಹೆಂಗೆ?” ಅಂದರು. ನೀವು ಹೇಳಲಾಗದೆ ಒದ್ದಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು ಅಂತ ನನಗೆ ಅನಿಸಿತು.

ತೀವ್ರ ಮ ಕೆಟ್ಟ ಸ್ವರವೇನಲ್ಲ. ಯಮನ್ ರಾಗದಲ್ಲಿ ಇದೇ ಸ್ವರ ಎಷ್ಟು ಇಂಪು! ಅಲ್ಲಿ ಅದರ ಹಿಂದೆ ಶುದ್ಧ ಗ, ಮುಂದೆ ಪ ಇರುತ್ತದೆ. ಕೈ ಹಿಡಿಯುವ ನೆಂಟರು ಇದ್ದಾರೆ. ಸಬಾತ್ ಆ ನೆಂಟರನ್ನೆಲ್ಲ ತೆಗೆದು ಷಡ್ಜದ ಎದುರು ಅದನ್ನು ಒಂಟಿಯಾಗಿ ನಿಲ್ಲಿಸಿತು. ಚರ್ಚು ಈ ಸ್ವರಾಂತರವನ್ನು ನಿಷೇಧಿಸಿತ್ತು ಎಂಬ ಕಥೆಯನ್ನು ಬಹಳ ಜನ ಹೇಳುತ್ತಾರೆ, ಅದು ಉಬ್ಬಿಸಿದ ಮಾತು. ಅಯೋಮಿಗೆ ಈ ರಿಫ್ ಹೊಳೆದದ್ದು ಬಾಸ್ ನುಡಿಸುವ ಗೀಜರ್ ಬಟ್ಲರ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಕಾರನ ‘ಮಾರ್ಸ್’ ಕೃತಿಯ ತುಣುಕನ್ನು ನುಡಿಸುತ್ತಿದ್ದಾಗ. ಮಾರ್ಸ್ ಅಂದರೆ ಮಂಗಳ, ಯುದ್ಧದ ಗ್ರಹ.

ಈಗ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್ ವಿಷಯಕ್ಕೆ ಬರುತ್ತೇನೆ, ಗೆರೆ ಇರುವುದು ಅಲ್ಲಿಯೇ. ಹಾರ್ಡ್ ರಾಕ್ ಎಷ್ಟೇ ಜೋರಾದರೂ ಬ್ಲೂಸ್‌ನ ಮಗು. ಬ್ಲೂಸ್‌ನಲ್ಲಿ ತೀವ್ರ ಮ ಉಪ್ಪಿನಕಾಯಿಯ ಹಾಗೆ, ನಾಲಗೆಗೆ ತಾಗಿಸಿ ಊಟಕ್ಕೆ ಮರಳಬೇಕು. ‘ಸ್ಮೋಕ್ ಆನ್ ದ ವಾಟರ್’ ಮಾಡುವುದು ಅದನ್ನೇ. ಲಯದಲ್ಲೂ ಹಾಗೇ, ತಾಳ ತುಸು ತೂಗುತ್ತದೆ, ಕಾಲು ತಾನಾಗಿ ಕುಣಿಯುತ್ತದೆ. ಮೆಟಲ್‌ಗೆ ಉಪ್ಪಿನಕಾಯಿಯೇ ಊಟ. ಆದರೆ ಈ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಸಬಾತ್‌ನ ಡ್ರಮ್ಮರ್ ಬಿಲ್ ವಾರ್ಡ್ ಕೈಯಲ್ಲಿ ಇನ್ನೂ ಜಾಜ್‌ನ ತೂಗಾಟವಿದೆ, ಮೊದಲ ಆಲ್ಬಮ್ಮಿನಲ್ಲಿ ಬ್ಲೂಸ್ ಸಾಕಷ್ಟು ಉಳಿದಿದೆ. ಆದ್ದರಿಂದಲೇ ಕೆಲವು ಕಟ್ಟಾ ಕೇಳುಗರು ಗೆರೆಯನ್ನು ಮುಂದಕ್ಕೆ ಸರಿಸಿ ಜೂಡಾಸ್ ಪ್ರೀಸ್ಟ್ ಹತ್ತಿರ ಎಳೆಯುತ್ತಾರೆ. 1978ರ ‘ಸ್ಟೇನ್ಡ್ ಕ್ಲಾಸ್’ ಆಲ್ಬಮ್ಮಿನ ಹೊತ್ತಿಗೆ ಆ ತಂಡದಲ್ಲಿ ಬ್ಲೂಸ್ ಬಹುಪಾಲು ಹಿಂಗಿಹೋಗಿತ್ತು. ನಾನು ಸಬಾತ್‌ನಲ್ಲೇ ಎಳೆಯುವವನು, ಆದರೆ ಅವರ ವಾದವನ್ನು ತಳ್ಳಿಹಾಕಲಾರೆ.

ಅಯೋಮಿಯ ಕೈಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ, ವಯಸ್ಸು 17, ಅಲ್ಲಿ ಅವನಿಗೆ ಅದೇ ಕೊನೆಯ ದಿನ. ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳ್ಳನೆಯ ತಂತಿ ಹಾಕಿಕೊಂಡು ಮತ್ತೆ ನುಡಿಸಿದ. ನಮ್ಮ ಊರಿನ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಈ ಕಥೆ ಹೇಳಿ, ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಅಯೋಮಿ ಶ್ರುತಿಯನ್ನೇ ಮೂರು ಮನೆ ಕೆಳಗಿಳಿಸಿದರು. ತಂತಿ ಸಡಿಲವಾಗಿ ಬೆರಳಿಗೆ ಹಿತವಾಯಿತು, ನಾದ ಭಾರವಾಯಿತು. ಮೆಟಲ್ ಅಂದರೆ ಇಳಿಸಿದ ಶ್ರುತಿ ಎಂದು ತಿಳಿದವರು ಬಹಳ. ಆದರೆ ನೀವು ಈಗ ನುಡಿಸಿದ ಸಬಾತ್‌ನ ಹಾಡು ಮಾಮೂಲಿ ಶ್ರುತಿಯಲ್ಲೇ ಇದೆ.

ಜೂಡಾಸ್ ಪ್ರೀಸ್ಟ್ ಮತ್ತು ಅವರ ನಂತರದವರಲ್ಲಿ ಕೈಯ ಇನ್ನೊಂದು ಗುರುತು ಸಿಗುತ್ತದೆ. ಮೀಟುವ ಕೈಯ ಅಂಚನ್ನು ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಬ್ರಿಜ್ ಹತ್ತಿರ ತಂತಿಯ ಮೇಲೆ ಮೆಲ್ಲನೆ ಒರಗಿಸಿ ಮೀಟಿದರೆ ನಾದ ಅರಳುವ ಮೊದಲೇ ಅದುಮಿಹೋಗಿ ‘ಜುಗ್ ಜುಗ್’ ಎನ್ನುತ್ತದೆ. ಇದನ್ನು ಏಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಪಕ್ಕ ಇಟ್ಟು ಕೇಳಿ. ಅಲ್ಲಿ ಸ್ವರಮೇಳ ಪೂರ್ತಿ ತೆರೆದುಕೊಂಡು ಮೊಳಗುತ್ತದೆ, ನಂತರ ಖಾಲಿ ಜಾಗ, ಮತ್ತೆ ಮೊಳಗು. ಆ ಖಾಲಿ ಜಾಗದಲ್ಲಿ ನಿಮ್ಮ ತಲೆ ಆಡುತ್ತದೆ. ಜೋರಿನಲ್ಲಿ ಎರಡೂ ಒಂದೇ, ಆದರೆ ಏಸಿ/ಡಿಸಿ ಹಾರ್ಡ್ ರಾಕ್. ನಿಮ್ಮಣ್ಣನ ಅಳತೆಗೋಲು ಕೈ ಕೊಡುವುದು ಇಲ್ಲಿ.

ಗಾಯನದಲ್ಲಿ ಎತ್ತರ ಮುಖ್ಯವಲ್ಲ. ಡೀಪ್ ಪರ್ಪಲ್‌ನ ಇಯಾನ್ ಗಿಲನ್ 1970ರ ‘ಚೈಲ್ಡ್ ಇನ್ ಟೈಮ್’ನಲ್ಲಿ ಏರುವಷ್ಟು ಎತ್ತರಕ್ಕೆ ಸಬಾತ್‌ನ ಆಜಿ ಆಸ್ಬೋರ್ನ್ ಏರುವುದೇ ಇಲ್ಲ. ಹಾರ್ಡ್ ರಾಕ್ ಗಾಯಕ ರಿಫ್ಫಿನ ಮೇಲೆ ಸವಾರಿ ಮಾಡುತ್ತಾನೆ, ತಾಳಕ್ಕಿಂತ ತುಸು ಹಿಂದೆ ಬೀಳುತ್ತಾನೆ, ಸ್ವರವನ್ನು ಎಳೆದು ಬಾಗಿಸುತ್ತಾನೆ, ನಿಮ್ಮ ಜೊತೆ ಮಾತಾಡುತ್ತಾನೆ. ಸಬಾತ್‌ನ ‘ಐರನ್ ಮ್ಯಾನ್’ ಕೇಳಿ, ಗಿಟಾರ್ ನುಡಿಸಿದ ಸ್ವರಗಳನ್ನೇ ಆಜಿ ಹಾಡುತ್ತಾರೆ. ಕಂಠ ರಿಫ್ಫಿನ ಒಳಗೆ ಸೇರಿ ವಾದ್ಯವಾಗಿದೆ. ಜೂಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್‌ಫರ್ಡ್, ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್ ಏರಿ ಒಂದು ಸ್ವರವನ್ನು ಅಲುಗದಂತೆ ಹಿಡಿದಾಗಲೂ, ಮುಂದಿನ ತಲೆಮಾರು ಗಂಟಲಿನಲ್ಲೇ ಗುಟುರು ಹಾಕಿದಾಗಲೂ ಆಗುವುದು ಇದೇ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅಂದು ಅಲ್ಲಿದ್ದವರನ್ನು ಕೇಳಿದರೆ ಹಾಡಿನ ಮಾತಿಗಿಂತ ಮೊದಲು ಗಿಟಾರಿನ ರಾಗವನ್ನೇ ಗುನುಗಿ ತೋರಿಸುತ್ತಾರೆ.

ಸಾಹಿತ್ಯದ ವಿಷಯದಲ್ಲಿ ಜನ ಬೇಗ ಮೋಸ ಹೋಗುತ್ತಾರೆ. ನರಕ, ಸೈತಾನ ಎಂಬ ಪದ ಬಂದ ಕೂಡಲೇ ಮೆಟಲ್ ಅನ್ನುತ್ತಾರೆ. ಏಸಿ/ಡಿಸಿಯ 1979ರ ಹೆಸರಾಂತ ಹಾಡಿನ ಶೀರ್ಷಿಕೆಯಲ್ಲೇ ನರಕವಿದೆ, ಆದರೆ ಅದು ಊರೂರು ತಿರುಗುವ ತಂಡದ ದಣಿವು ಮತ್ತು ಮೋಜಿನ ಹಾಡು. ಪದವನ್ನು ಬಿಟ್ಟು, ಹಾಡುವವನು ಎಲ್ಲಿ ನಿಂತಿದ್ದಾನೆ ನೋಡಿ. ‘ಸ್ಮೋಕ್ ಆನ್ ದ ವಾಟರ್’ ಹೆಚ್ಚುಕಡಿಮೆ ನಮ್ಮ ವರದಿಗಾರರ ಬರಹದಂತಿದೆ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ, ಫ್ರಾಂಕ್ ಜಾಪಾ ಕಛೇರಿ ನಡೆಯುತ್ತಿದ್ದಾಗ ಕ್ಯಾಸಿನೋಗೆ ಬೆಂಕಿ ಬಿತ್ತು, ಹೊಗೆ ಸರೋವರದ ಮೇಲೆ ಹರಡಿತು, ಧ್ವನಿಮುದ್ರಣಕ್ಕೆ ಬಂದಿದ್ದ ನಾವು ಬೇರೆ ಜಾಗ ಹುಡುಕಿದೆವು. ಕಂಡದ್ದನ್ನು ಹೇಳುತ್ತಾನೆ, ಬದುಕಿ ಬಂದವನ ಹಗುರು ಅದರಲ್ಲಿದೆ. ಸಬಾತ್‌ನ ಹಾಡು ಮಳೆ, ಗಂಟೆಯ ಸದ್ದಿನಿಂದ ಶುರುವಾಗುತ್ತದೆ, ಕಪ್ಪು ಆಕೃತಿಯೊಂದು ಎದುರು ನಿಂತಿದೆ. ಯಾವ ಊರು, ಯಾವ ದಿನ, ಒಂದೂ ಇಲ್ಲ. ಹಾಡುವವನು ಓಡಲು ನೋಡುತ್ತಾನೆ. ರಿಫ್ಫಿನ ತೀವ್ರ ಮ ಬಿಡುಗಡೆ ಕಾಣದೆ ನಿಂತ ಹಾಗೆ ಅವನೂ ಸಿಕ್ಕಿಬಿದ್ದಿದ್ದಾನೆ. ಯುದ್ಧವಾಗಲಿ, ಹುಚ್ಚಾಗಲಿ, ಸಾವಾಗಲಿ, ಮೆಟಲ್ ಸಾಹಿತ್ಯದಲ್ಲಿ ಮನುಷ್ಯನಿಗಿಂತ ದೊಡ್ಡದೊಂದು ಅವನ ಮೇಲೆ ಬಂದು ನಿಂತಿರುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಮಂಡಿಪೇಟೆಯ ಕ್ಯಾಸೆಟ್ ಅಂಗಡಿಯೊಂದರಲ್ಲಿ ಈ ಎರಡು ತಂಡಗಳೂ ಒಂದೇ ರಟ್ಟಿನ ಡಬ್ಬದಲ್ಲಿದ್ದವು. ಡಬ್ಬದ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಇಂಗ್ಲಿಷ್ – ಜೋರು’ ಎಂದು ಬರೆದಿತ್ತು. ಸಬಾತ್ ಕ್ಯಾಸೆಟ್ಟನ್ನು ಮನೆಗೆ ತಂದು ಹಾಕಿದ ರಾತ್ರಿ ನಾನೂ ನಿಮ್ಮ ಹಾಗೆಯೇ ಏನು ಬೇರೆ ಎಂದು ತಿಳಿಯದೆ ಎದ್ದು ಕೂತಿದ್ದೆ. ತಿಳಿಯಲು ವರ್ಷಗಳೇ ಹಿಡಿದವು, ಅದೂ ಹಾರ್ಮೋನಿಯಂ ಕಲಿತ ಮೇಲೆ.

ನಿಮ್ಮಣ್ಣನಿಗೆ ಒಂದು ಹಾಡನ್ನು ಬಿಟ್ಟುಕೊಡಿ. ಡೀಪ್ ಪರ್ಪಲ್‌ನ 1972ರ ಅದೇ ‘ಮಷಿನ್ ಹೆಡ್’ ಆಲ್ಬಮ್ಮಿನಲ್ಲಿ ‘ಹೈವೇ ಸ್ಟಾರ್’ ಇದೆ. ಮಾತು ಕಾರು ಮತ್ತು ಹುಡುಗಿಯದು, ಅಚ್ಚ ಹಾರ್ಡ್ ರಾಕ್. ಆದರೆ ತಾಳದಲ್ಲಿ ತೂಗಾಟವಿಲ್ಲ, ನೇರ ಓಟ, ಬ್ಲ್ಯಾಕ್‌ಮೋರ್‌ನ ಸೋಲೋದಲ್ಲಿ ಬ್ಲೂಸ್‌ಗಿಂತ ಜರ್ಮನ್ ಸಂಗೀತಕಾರ ಬಾಖ್‌ನ ಛಾಯೆಯೇ ಹೆಚ್ಚು. ಆ ಸೋಲೋ ಶುರುವಾದಾಗ ಹಾಡು ಗೆರೆಯ ಆಚೆ ಕಾಲಿಡುತ್ತದೆ. ಗಿಲನ್ ಮತ್ತೆ ಬಾಯಿ ತೆರೆದಾಗ ಈಚೆಗೆ ಬರುತ್ತದೆ.

— ಸಂಪಾದಕ